ಇಪ್ಪತ್ಮೂರು ನಿಮಿಷದ ತೊಗರಿ

ಎಳ್ಳಮಾಸಿ ಮುಗಿದು ಹತ್ತು ದಿನವಾಗಿತ್ತು. ತಾಂಡೂರಿನಿಂದ ಚಿಂಚೋಳಿಯವರೆಗೆ ಎರೆಹೊಲಗಳಲ್ಲಿ ತೊಗರಿಯ ರಾಶಿ ಎದ್ದು, ಚೀಲ ತುಂಬಿದ ಟ್ರಾಕ್ಟರುಗಳು ನಸುಕಿನಿಂದಲೇ ಖರೀದಿ ಕೇಂದ್ರಗಳ ಮುಂದೆ ಸಾಲು ಹಿಡಿಯುತ್ತಿದ್ದವು. ಆ ಸಾಲು ಎಷ್ಟು ಉದ್ದವಿದೆ, ಎಷ್ಟು ಬೇಗ ಕರಗುತ್ತಿದೆ ಎಂಬುದು ಹೈದರಾಬಾದಿನ ಉಪ್ಪಲ್‌ನಲ್ಲಿ, ಮೆಟ್ರೊ ಡಿಪೊ ಹಿಂದಿನ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ, ಆ ಕೇಂದ್ರಗಳ ತೂಕವನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಸಣ್ಣ ಕಂಪನಿಯಲ್ಲಿ ಕೂತ ಸೂರ್ಯಕಾಂತನಿಗೆ ಗೋಡೆಯ ಪರದೆಯ ಮೇಲೆ ಕಾಣುತ್ತಿತ್ತು. ನೂರ ನಲವತ್ತು ಕೇಂದ್ರಗಳಿಗೆ ನೂರ ನಲವತ್ತು ಹಸಿರು ಚುಕ್ಕೆ. ಒಂದೊಂದು ತೂಕವಾದಾಗಲೂ ಆ ಕೇಂದ್ರದ ಚುಕ್ಕೆ ಒಮ್ಮೆ ಮಿಟುಕುತ್ತಿತ್ತು. ಬೆಳಗಿನ ಹತ್ತರ ಹೊತ್ತಿಗೆ ಗೋಡೆ ಸುಗ್ಗಿಯ ಕಣದ ಹಾಗೆ ಗಿಜಿಗುಡುತ್ತಿತ್ತು.

ಇವುಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಮಿಟುಕುವ ಚುಕ್ಕೆ ಅವನ ಸೋದರಮಾವ ಅಮೃತಪ್ಪನ ಕೇಂದ್ರದ್ದು. ಐದು ತಕ್ಕಡಿಗಳ ಕೇಂದ್ರ ಅದೊಂದೇ. ಅಮೃತಪ್ಪ ಮೂವತ್ತು ವರ್ಷ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ತೂಕ ಬರೆದವನು. ಬೆಳೆಗಾರರ ಸಂಘದ ಕಾರ್ಯದರ್ಶಿಯಾಗಿ ಅವನು ಒಪ್ಪದಿದ್ದರೆ ಉಳಿದ ಯಾವ ಕೇಂದ್ರವೂ ಪುಸ್ತಕ ಬಿಟ್ಟು ಕಂಪ್ಯೂಟರಿಗೆ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವನು ಸೂರ್ಯಕಾಂತನನ್ನು ಮನೆಯ ಪಡಸಾಲೆಯಲ್ಲಿ ಕೂಡಿಸಿಕೊಂಡು ಒಂದೇ ಮಾತು ಕೇಳಿದ್ದ.

"ಅಳಿಯಾ, ಪುಸ್ತಕ ನಿಲ್ಲಂಗಿಲ್ಲ. ನಿನ್ನ ಮೆಷಿನ್ ನಿಂತ್ರ?"

"ನಿಂತ್ರ ಹದಿನೈದು ನಿಮಿಷ, ಮಾವ. ಅದಕ್ಕಿಂತ ಹೆಚ್ಚಿಲ್ಲ. ಮತ್ತ ತೂಗಿದ್ದು ಯಾರದೂ ಕಳೆಯಂಗಿಲ್ಲ."

"ಯಾರದೂ?"

"ಯಾರದೂ ಇಲ್ಲ."

ಅಮೃತಪ್ಪ ಆ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಲಿಲ್ಲ. ಊರೂರಿಗೆ ಹೋಗಿ, ನಮ್ಮ ಸೂರ್ಯಾ ಹೇಳ್ಯಾನ ಅಂತ ಹೇಳಿ ಬಂದ. ಕಂಪನಿಯ ಒಡಂಬಡಿಕೆಯಲ್ಲಿ ಅದೇ ಮಾತು ಬೇರೆ ಬಟ್ಟೆ ತೊಟ್ಟು ಕೂತಿತ್ತು: ನಿಂತದ್ದು ಮತ್ತೆ ನಡೆಯಲು ಹದಿನೈದು ನಿಮಿಷ, ಕಳೆಯಬಹುದಾದ ದಾಖಲೆ ಹೆಚ್ಚೆಂದರೆ ಒಂದು ನಿಮಿಷದ್ದು. ಆ ಒಂದು ನಿಮಿಷವನ್ನು ಮಾತ್ರ ಸೂರ್ಯಕಾಂತ ಮಾವನಿಗೆ ಹೇಳಿರಲಿಲ್ಲ. ಒಂದು ನಿಮಿಷ ಏನು ಮಹಾ, ತೂಕದ ಚೀಟಿ ಜನರ ಕೈಯಲ್ಲೇ ಇರುತ್ತದಲ್ಲ, ಮತ್ತೆ ಬರೆದರಾಯಿತು ಅಂದುಕೊಂಡಿದ್ದ.

ಹದಿನೈದು ನಿಮಿಷವನ್ನು ಹೇಗೆ ಸಾಧಿಸುವುದು ಎಂಬ ಲೆಕ್ಕ ಹಾಕಿದವನೂ ಅವನೇ. ಎಲ್ಲ ತೂಕವೂ ಮುಂಬೈ ರೀಜನ್ನಿನ, ಅಂದರೆ ಮುಂಬೈಯಲ್ಲಿ ಬಾಡಿಗೆಗೆ ಹಿಡಿದ ಸರ್ವರುಗಳಿಗೆ ಹೋಗಿ ಬರೆಯಲ್ಪಡುತ್ತಿತ್ತು. ಬರೆಯುವ ಜಾಗ ಅದೊಂದೇ. ಹೈದರಾಬಾದ್ ರೀಜನ್ನಿನಲ್ಲಿ ಇನ್ನೊಂದು ಮೆಷಿನ್ ಸದಾ ಎಚ್ಚರವಾಗಿದ್ದು, ಮುಂಬೈಯಲ್ಲಿ ಬರೆದದ್ದನ್ನು ಹಿಂದೆಯೇ ನಕಲು ಮಾಡಿಕೊಳ್ಳುತ್ತಿತ್ತು. ಮುಂಬೈ ಬಿದ್ದರೆ ಇದು ಎದ್ದು ನಿಲ್ಲಬೇಕು. ಇದಕ್ಕೆ ಅವರ ಕಸುಬಿನಲ್ಲಿ ವಾರ್ಮ್ ಸ್ಟ್ಯಾಂಡ್‌ಬೈ ಅನ್ನುತ್ತಾರೆ. ಒಲೆಯ ಮೇಲಿಂದ ಇಳಿಸಿ ಕೆಂಡದ ಮೇಲೆ ಇಟ್ಟ ಸಾರಿನ ಹಾಗೆ. ಕುದಿಯುವುದಿಲ್ಲ, ಆದರೆ ಆರಿಯೂ ಇರುವುದಿಲ್ಲ.

ಕಂಪನಿಯ ಮಾಲೀಕ ಸುಬ್ಬರಾಯರು ಆಗ ಕೇಳಿದ್ದರು, "ಎರಡೂ ಕಡೆ ಬರೆಯೋ ಹಾಗೇ ಮಾಡಿಬಿಟ್ಟರೆ ಏನಪ್ಪಾ? ಒಂದು ಬಿದ್ದರೆ ಇನ್ನೊಂದು ನಡೀತಾನೇ ಇರುತ್ತೆ." ಸುಬ್ಬರಾಯರು ಉಡುಪಿ ಕಡೆಯವರು. ಕೇಂದ್ರ ಸರಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ನಿವೃತ್ತಿಯ ಗಂಟನ್ನೆಲ್ಲ ಈ ಕಂಪನಿಗೆ ಸುರಿದವರು.

ಸೂರ್ಯಕಾಂತ ನಿಧಾನಕ್ಕೆ ಬಿಡಿಸಿ ಹೇಳಿದ್ದ. ಒಬ್ಬೊಬ್ಬ ಬೆಳೆಗಾರನಿಗೂ ಇಷ್ಟೇ ಕ್ವಿಂಟಲ್ ಎಂಬ ಮಿತಿ ಇದೆ. ಎರಡು ಕಡೆ ಒಂದನ್ನೊಂದು ಕೇಳದೆ ಬರೆದರೆ ಒಬ್ಬನೇ ಬೆಳಿಗ್ಗೆ ಇಲ್ಲೂ ಅಲ್ಲೂ ಮಿತಿ ತುಂಬ ಮಾರಿಬಿಡಬಹುದು. ಆಮೇಲೆ ಯಾವ ಬರಹ ಖರೆ, ಯಾವುದು ಸುಳ್ಳು ಅಂತ ಜಗಳ ಬಿಡಿಸುವವರು ಯಾರು? ಒಂದನ್ನೊಂದು ಕೇಳಿಕೊಂಡೇ ಬರೆಯಬೇಕೆಂದರೆ ಎರಡು ಜಾಗ ಸಾಲದು. ಒಂದು ಸತ್ತಾಗ ಉಳಿದ ಒಂದಕ್ಕೆ, ಸತ್ತದ್ದು ಅದೋ ಅಥವಾ ನಡುವಿನ ತಂತಿಯೋ ಎಂದು ತಿಳಿಯುವುದಿಲ್ಲ. ಮೂರು ಜಾಗ ಬೇಕು, ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಬರಹ ನಿಲ್ಲಬೇಕು. ಒಂದೊಂದು ತೂಕವೂ ಊರೂರು ತಿರುಗಿ ಒಪ್ಪಿಗೆ ತರುವಷ್ಟು ಹೊತ್ತು ಕಾಯಬೇಕು. ಆ ಕಾಯುವಿಕೆ ಕಣ್ಣು ಮಿಟುಕುವಷ್ಟೂ ಅಲ್ಲ, ತಕ್ಕಡಿಯವನಿಗೆ ಗೊತ್ತೂ ಆಗುವುದಿಲ್ಲ. ಹಳ್ಳಿಯ ಟವರಿನಿಂದ ಹೊರಡುವುದಕ್ಕೇ ಅದರ ಹತ್ತು ಪಟ್ಟು ಹೊತ್ತು ಹಿಡಿಯುತ್ತದೆ. ಆದರೆ ಬಾಡಿಗೆ? ಮುಂಬೈ ಒಂದೇ ಆದರೆ ತಿಂಗಳಿಗೆ ಎರಡು ಲಕ್ಷ ಇಪ್ಪತ್ತು ಸಾವಿರ. ಸ್ಟ್ಯಾಂಡ್‌ಬೈ ಸೇರಿದರೆ ಮೂರು ಲಕ್ಷ ಹತ್ತು. ಮೂರೂ ಕಡೆ ಬರೆಯುವುದಾದರೆ ಐದೂವರೆ ಲಕ್ಷ ದಾಟುತ್ತದೆ.

"ಹದಿನೈದು ನಿಮಿಷ ನಿಂತರೆ ಟ್ರಾಕ್ಟರಿನವರು ಚಹಾ ಕುಡಿದು ಬರ್ತಾರ್ರಿ ಸರ. ಅದಕ್ಕಾಗಿ ತಿಂಗಳಿಗೆ ಎರಡೂವರೆ ಲಕ್ಷ ಹೆಚ್ಚಿಗಿ ಕೊಡೋದು ಬ್ಯಾಡ," ಅಂದಿದ್ದ. ಅದು ಸರಿಯಾದ ಲೆಕ್ಕವೇ ಆಗಿತ್ತು. ಮುಂದೆ ನಡೆದದ್ದಕ್ಕೆ ಆ ಲೆಕ್ಕ ಕಾರಣವಲ್ಲ.

ಕಳೆದ ಮಳೆಗಾಲದಲ್ಲಿ ಸುಬ್ಬರಾಯರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿದ್ದರು. ಕೇಂದ್ರಗಳಿಂದ ತೊಗರಿ ಕೊಳ್ಳುವ ಬೇಳೆ ಗಿರಣಿಗಳಲ್ಲಿ ಎರಡು, ಕಂಪನಿಯ ಜೊತೆಗಿನ ಒಡಂಬಡಿಕೆ ಮುರಿದುಕೊಂಡಿದ್ದವು. "ತಿಂಗಳಿಗೆ ನಲವತ್ತೈದು ಸಾವಿರ ಇಳಿಸಬೇಕು ಸೂರ್ಯಕಾಂತ್. ಮೆಷಿನ್ನಿಂದ ಇಳಿಸ್ತೀಯೋ, ಮನುಷ್ಯರಿಂದ ಇಳಿಸ್ತೀಯೋ, ನಿನಗೇ ಬಿಟ್ಟದ್ದು ಮಾರಾಯ."

ಮನುಷ್ಯರು ಅಂದರೆ ಸಪ್ನಾ. ಅವನ ಕೈಕೆಳಗೆ ಇದ್ದವಳು ಅವಳೊಬ್ಬಳೇ. ಬೀದರ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಸನತ್‌ನಗರದಲ್ಲಿ. ಅಪ್ಪನ ಕಾರ್ಖಾನೆ ಮುಚ್ಚಿದ ಮೇಲೆ ಮನೆ ಅವಳ ಸಂಬಳದ ಮೇಲೆ ನಿಂತಿತ್ತು. ಸೂರ್ಯಕಾಂತ ಒಂದು ರಾತ್ರಿ ಯೋಚಿಸಿ ಮೆಷಿನ್ನಿಂದ ಇಳಿಸಿದ. ಹೈದರಾಬಾದಿನ ದೊಡ್ಡ ಮೆಷಿನ್ ತೆಗೆದು ಸಣ್ಣದೊಂದನ್ನು ಹಾಕಿದ. ಅಗ್ಗದ ಜಾತಿ ಅದು: ಕೆಲಸವಿಲ್ಲದಾಗ ಕಸುವು ಕೂಡಿಟ್ಟುಕೊಳ್ಳುತ್ತದೆ, ಕೆಲಸ ಬಂದಾಗ ಅದನ್ನು ಖರ್ಚು ಮಾಡುತ್ತದೆ, ಕೂಡಿಟ್ಟದ್ದು ತೀರಿದರೆ ತೆವಳುತ್ತದೆ. ತಿಂಗಳಿಗೊಮ್ಮೆ ಮುಂಬೈಯಿಂದ ಹೈದರಾಬಾದಿಗೆ ನಿಜವಾಗಿ ದಾಟಿ ನೋಡುವ ತಾಲೀಮನ್ನೂ ಕೈಬಿಟ್ಟ. ಅದಕ್ಕೆ ದೊಡ್ಡ ಮೆಷಿನ್ ಬೇಕು. ಮಳೆಗಾಲದಲ್ಲಿ ತೂಕವೇ ಇರಲಿಲ್ಲ. ನಕಲು ಮುಂಬೈಗಿಂತ ಎರಡೇ ಸೆಕೆಂಡ್ ಹಿಂದೆ ಇರುತ್ತಿತ್ತು. ಸುಗ್ಗಿ ಬಂದ ಮೇಲೆ ದಿನಾ ಸಂಜೆ ಗಿರಣಿಗಳ ಲೆಕ್ಕ ಓಡುವಾಗ ನಕಲು ಹತ್ತು ನಿಮಿಷ ಹಿಂದೆ ಬಿದ್ದು, ಎಲ್ಲರ ಫೋನಿನಲ್ಲೂ ಎಚ್ಚರಿಕೆಯ ಗಂಟೆ ಊಟದ ಹೊತ್ತಿಗೆ ಒದರಿಕೊಳ್ಳತೊಡಗಿತು. ಅರ್ಧ ಗಂಟೆ ಮೀರಿದರೆ ಮಾತ್ರ ಒದರು ಎಂದು ಅವನು ಅದಕ್ಕೆ ಬುದ್ಧಿ ಹೇಳಿದ. ಸುಗ್ಗಿ ಮುಗಿಯುವವರೆಗಾದರೂ ದೊಡ್ಡ ಮೆಷಿನ್ ಬೇಕೆಂದು ಸುಬ್ಬರಾಯರನ್ನು ಎರಡು ಸಲ ಕೇಳಿದ. ಎರಡು ಸಲವೂ "ಮುಂದಿನ ತಿಂಗಳು ನೋಡುವಾ" ಅಂದರು. ಮೂರನೆಯ ಸಲ ಕೇಳಿದರೆ ಸಪ್ನಾಳ ಹೆಸರು ಬರುತ್ತದೆಂದು ಸುಮ್ಮನಾದ.

ಆ ದಿನ ಹನ್ನೊಂದು ಹನ್ನೆರಡಕ್ಕೆ ಗೋಡೆಯ ಮೇಲಿನ ಚುಕ್ಕೆಗಳೆಲ್ಲ ಒಟ್ಟಿಗೆ ನಿಂತವು. ಕೆಂಪಾಗಲೂ ಇಲ್ಲ, ಮಿಟುಕುವುದನ್ನು ನಿಲ್ಲಿಸಿದವು ಅಷ್ಟೆ.

ಸಪ್ನಾ ಪರೀಕ್ಷೆ ಮಾಡಿ ನೋಡಿದಳು. "ಸರ, ನಮ್ದಷ್ಟ ಅಲ್ಲ. ಮುಂಬೈ ರೀಜನ್ ಪೂರಾ ಹೋಗೈತಿ. ಬಾಡಿಗಿಯವರು 'ಹುಡುಕಾಕತ್ತೀವಿ' ಅಂತ ಹಾಕ್ಯಾರ. ಯಾವಾಗ ಬರತೈತಿ ಅಂತ ಹೇಳಿಲ್ಲ."

"ನಕಲು ಎಲ್ಲಿಗೆ ಬಂದೈತಿ?"

ಅವಳು ಹೈದರಾಬಾದಿನ ಕೊನೆಯ ದಾಖಲೆ ತೆಗೆದಳು. ನೋಡಿದಳು. ಮತ್ತೊಮ್ಮೆ ನೋಡಿದಳು. "ಹತ್ತು ನಲವತ್ತೊಂಬತ್ತಕ್ಕ ನಿಂತೈತ್ರಿ."

ಇಪ್ಪತ್ಮೂರು ನಿಮಿಷ. ಸಣ್ಣ ಮೆಷಿನ್ ಬೆಳಿಗ್ಗೆ ಎಂಟರಿಂದ ಓಡಿ ಓಡಿ, ಕೂಡಿಟ್ಟ ಕಸುವನ್ನೆಲ್ಲ ತೀರಿಸಿ, ಹತ್ತರ ನಂತರ ತೆವಳಿತ್ತು. ಒಂದನ್ನು ಬರೆದುಕೊಂಡ ಮೇಲೆಯೇ ಅದು ಮುಂದಿನದನ್ನು ಕೇಳುತ್ತಿತ್ತು. ಕೇಳದೆ ಉಳಿದ ಇಪ್ಪತ್ಮೂರು ನಿಮಿಷದ ತೂಕವೆಲ್ಲ ಮುಂಬೈಯಲ್ಲೇ ಸಿಕ್ಕಿಕೊಂಡಿತ್ತು.

ಸುಬ್ಬರಾಯರು ಕೋಣೆಯಿಂದ ಹೊರಗೆ ಬಂದರು. "ಏನು ಯೋಚನೆ? ಹದಿನೈದು ನಿಮಿಷ ಅಂತ ಬರೆದುಕೊಟ್ಟಿದ್ದೀವಿ. ದಾಟಿಸು."

"ದಾಟಿದ್ರ ಇಪ್ಪತ್ಮೂರು ನಿಮಿಷ ಹಿಂದ ಬಿಟ್ಟು ದಾಟಬೇಕಾಗತೈತ್ರಿ. ಕಾದ್ರ ಒಂದೂ ಬಿಡಂಗಿಲ್ಲ."

"ಎಷ್ಟು ಹೊತ್ತು ಕಾಯೋದು?"

ಅಷ್ಟರಲ್ಲಿ ಅಮೃತಪ್ಪನ ಫೋನ್ ಬಂತು. ಹಿಂದೆ ಟ್ರಾಕ್ಟರಿನ ಸದ್ದು, ಯಾರೋ ತೆಲುಗಿನಲ್ಲಿ ಬೈಯುತ್ತಿದ್ದರು.

"ಅಳಿಯಾ, ನಿಂತೈತಿ."

"ಗೊತ್ತೈತಿ ಮಾವ. ಮಾಡಾಕತ್ತೀವಿ."

"ಇನ್ನೂರು ಗಾಡಿ ಅದಾವ ಇಲ್ಲಿ. ಮ್ಯಾಲೆ ಮ್ವಾಡ ಕಟ್ಟೈತಿ. ಹದಿನೈದು ನಿಮಿಷ ಅಂದಿದ್ದಿ ಅಂತ ನಾ ಎಲ್ಲಾರಿಗೂ ಹೇಳೀನಿ. ಗಡಿಯಾರ ನೋಡ್ಕೋತ ಕುಂತಾರ, ಮಕ್ಕಳು."

ತೊಗರಿ ತೆರೆದ ಬಯಲಲ್ಲಿತ್ತು. ಸೂರ್ಯಕಾಂತ ಸಪ್ನಾಳಿಗೆ, "ಕಾಗದ ತಗಿ," ಅಂದ.

ಕಾಗದ ಅಂದರೆ ದಾಟಿಸುವ ಹನ್ನೊಂದು ಹೆಜ್ಜೆಗಳ ಪಟ್ಟಿ. ಎರಡು ವರ್ಷದ ಹಿಂದೆ ಅವನೇ ಬರೆದದ್ದು. ಅದರ ಜೊತೆ ಒಂದು ಕಟ್ಟಪ್ಪಣೆಯನ್ನೂ ಹಾಕಿಕೊಂಡಿದ್ದರು: ಆಪತ್ತಿನ ಹೊತ್ತಿನಲ್ಲಿ ಸ್ವಂತ ಬುದ್ಧಿ ಓಡಿಸಬಾರದು, ಒಬ್ಬರು ಓದಬೇಕು, ಒಬ್ಬರು ಮಾಡಬೇಕು, ಕಾಗದದಲ್ಲಿ ಇದ್ದಷ್ಟೇ. ಹಿಂದೆ ಒಬ್ಬ ಹುಡುಗ ಗಾಬರಿಯಲ್ಲಿ ತನಗೆ ತೋಚಿದ್ದು ಮಾಡಿ ಒಂದು ದಿನದ ದಾಖಲೆ ಅಳಿಸಿದ ಮೇಲೆ ಬಂದ ನಿಯಮ ಅದು. ಒಳ್ಳೆಯ ನಿಯಮ.

ಸಪ್ನಾ ಓದಿದಳು, ಅವನು ಮಾಡಿದ. ಮುಂಬೈ ನಡುವೆ ಎಚ್ಚೆತ್ತರೂ ಬರೆಯದ ಹಾಗೆ ಮೊದಲು ಅದರ ಬಾಗಿಲು ಹಾಕಿದರು. ಐದನೆಯ ಹೆಜ್ಜೆ, ಹೈದರಾಬಾದಿನ ಮೆಷಿನ್ನನ್ನು ದೊಡ್ಡದು ಮಾಡು. ಮಾಡಲು ಹೋದರೆ, ಆ ಅಳತೆಯ ಮೆಷಿನ್ ಈಗ ಖಾಲಿ ಇಲ್ಲ ಎಂದು ಬಂತು. ಮುಂಬೈಯಲ್ಲಿ ಬಿದ್ದವರೆಲ್ಲ ಹೈದರಾಬಾದಿನ ಬಾಗಿಲಿಗೆ ಒಟ್ಟಿಗೆ ಬಂದಿದ್ದರು. ಮೊದಲೇ ಹಿಡಿದಿಟ್ಟುಕೊಂಡವರಿಗೆ ಇತ್ತು, ಬಿಟ್ಟುಕೊಟ್ಟವರಿಗೆ ಇರಲಿಲ್ಲ. ಕೇಳುತ್ತಲೇ ಇದ್ದರು. ಹದಿನೈದು ನಿಮಿಷ ಆಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ಅಮೃತಪ್ಪ ಎರಡು ಸಲ ಫೋನ್ ಮಾಡಿದ. ನಲವತ್ತನೆಯ ನಿಮಿಷಕ್ಕೆ ಬೇರೊಂದು ಅಳತೆಯದು ಸಿಕ್ಕಿತು.

"ಏಳನೇದು," ಸಪ್ನಾ ಓದಿದಳು. "ಒಂದೊಂದು ಕೇಂದ್ರದ ಕೊನೇ ಚೀಟಿ ನಂಬರ್ ನೋಡಿ, ಇಪ್ಪತ್ತು ಬಿಟ್ಟು ಮುಂದಿನದರಿಂದ ಶುರು ಮಾಡು."

ನಕಲಿಗೆ ದಾಖಲೆಗಳು ಬರುತ್ತವೆ, ಮುಂದಿನ ನಂಬರ್ ಎಷ್ಟು ಎಂದು ಹೇಳುವ ಎಣಿಕೆ ಬರುವುದಿಲ್ಲ. ಅದನ್ನು ಕೈಯಿಂದ ಇಡಬೇಕು. ನಕಲು ಮೂರ್ನಾಲ್ಕು ಸೆಕೆಂಡ್ ಹಿಂದೆ ಇರುತ್ತದೆ, ಅಷ್ಟರಲ್ಲಿ ಒಂದೆರಡು ಚೀಟಿ ಹೋಗಿರಬಹುದು, ಯಾವುದಕ್ಕೂ ಇರಲಿ, ಇಪ್ಪತ್ತು ಬಿಡು ಎಂದು ಅವನು ಆಗ ಬರೆದಿದ್ದ. ಉದಾರವಾಗಿಯೇ ಬರೆದಿದ್ದ.

ಸಪ್ನಾ ಕಾಗದದಿಂದ ತಲೆಯೆತ್ತಿದಳು. "ಸರ, ಇಪ್ಪತ್ತು ಸಾಕಾಗತೈತೇನ್ರಿ?"

ಅವನ ಕಣ್ಣು ಗಡಿಯಾರದ ಮೇಲಿತ್ತು. "ಕಾಗದದಾಗ ಇದ್ದಷ್ಟ ಮಾಡೂಣು, ತಂಗಿ. ಈ ಹೊತ್ತಿನ್ಯಾಗ ಸ್ವಂತ ಬುದ್ಧಿ ಬ್ಯಾಡ. ಎಂಟನೇದು ಓದು."

ಅವಳು ಎಂಟನೆಯದು ಓದಿದಳು.

ಹನ್ನೆರಡು ಗಂಟೆ ನಾಲ್ಕು ನಿಮಿಷಕ್ಕೆ ಚುಕ್ಕೆಗಳು ಮತ್ತೆ ಮಿಟುಕಿದವು. ಹದಿನೈದರ ಬದಲು ಐವತ್ತೆರಡು ನಿಮಿಷ. ಸುಬ್ಬರಾಯರು ಎಲ್ಲರಿಗೂ ಚಹಾ ತರಿಸಿದರು. ಮಳೆ ಬರಲಿಲ್ಲ, ಮೋಡ ಹಾಗೇ ಚದುರಿತು. ಅಮೃತಪ್ಪನೂ ಫೋನ್ ಮಾಡಿ, "ಆತು ಬಿಡು, ಎತ್ತೂ ಒಮ್ಮೊಮ್ಮೆ ಮಲಗತೈತಿ," ಅಂದ.

ಮೂರೂವರೆಗೆ ಮುಂಬೈ ಎದ್ದಿತು. ಅದರ ಹೊಟ್ಟೆಯಲ್ಲಿದ್ದ ಇಪ್ಪತ್ಮೂರು ನಿಮಿಷದ ತೂಕ ಹಾಗೇ ಇತ್ತು, ಒಂದೂ ಹೋಗಿರಲಿಲ್ಲ. ಅದನ್ನು ತೆಗೆದು ಹೈದರಾಬಾದಿನದರ ಪಕ್ಕ ಇಟ್ಟು ನೋಡಿದರು. ಸಣ್ಣ ಕೇಂದ್ರಗಳಲ್ಲಿ ಆ ಹೊತ್ತಿನಲ್ಲಿ ಎಂಟು, ಹತ್ತು, ಹೆಚ್ಚೆಂದರೆ ಹದಿನೇಳು ಚೀಟಿ ಹೋಗಿದ್ದವು. ಬಿಟ್ಟ ಇಪ್ಪತ್ತರೊಳಗೆ ಎಲ್ಲ ಹಿಡಿದವು. ನೂರ ಮೂವತ್ತೊಂಬತ್ತು ಕೇಂದ್ರಗಳು ಹೊಂದಿಕೊಂಡವು. ಐದು ತಕ್ಕಡಿಯ ಕೇಂದ್ರದಲ್ಲಿ ಮಾತ್ರ ಅರವತ್ತೊಂದು ಚೀಟಿ ಹೋಗಿದ್ದವು. ಬಿಟ್ಟ ಇಪ್ಪತ್ತರ ಆಚೆ, ಮುನ್ನೂರ ಅರವತ್ತೊಂಬತ್ತರಿಂದ ನಾನೂರ ಒಂಬತ್ತರವರೆಗೆ ನಲವತ್ತೊಂದು ನಂಬರುಗಳನ್ನು ಬೆಳಿಗ್ಗೆ ಮುಂಬೈ ಒಬ್ಬೊಬ್ಬರಿಗೆ ಕೊಟ್ಟಿತ್ತು. ಮಧ್ಯಾಹ್ನ ಹೈದರಾಬಾದ್ ಅವೇ ನಂಬರುಗಳನ್ನು ಬೇರೊಬ್ಬರಿಗೆ ಕೊಟ್ಟಿತ್ತು.

"ಚೀಟಿ ಮ್ಯಾಲೆ ಹೆಸರು ಇರತೈತಲ್ರಿ ಸರ," ಸಪ್ನಾ ಅಂದಳು. "ತೂಕಾನೂ ಐತಿ. ಇಬ್ಬರದೂ ಬ್ಯಾರೆ ಬ್ಯಾರೆ ತೆಗೀಬಹುದು."

"ಚೀಟಿ ಮ್ಯಾಲೆ ಐತಿ," ಅಂದ ಸೂರ್ಯಕಾಂತ. "ಚೀಲದ ಮ್ಯಾಲೆ?"

ಚೀಲದ ಮೇಲೆ ಹಮಾಲರು ನೀಲಿ ಬಣ್ಣದಲ್ಲಿ ಬರೆಯುವುದು ನಂಬರ್ ಒಂದೇ. ಮೊದಲು ಆ ನಂಬರಿನ ಮುಂದೆ ಯಾವ ರೀಜನ್ ಕೊಟ್ಟದ್ದು ಎಂಬ ಗುರುತಿನ ಅಕ್ಷರಗಳೂ ಸೇರಿ ಹನ್ನೊಂದು ಗುರುತಿದ್ದವು. ಹಮಾಲರು ಒಂದು ದಿನ ಕೆಲಸ ನಿಲ್ಲಿಸಿ ಕೂತಿದ್ದರು: ಇಷ್ಟುದ್ದ ಬರಿಯಾಕ ನಾವೇನು ಸಾಲಿ ಮಾಸ್ತರೇನು? ಸೂರ್ಯಕಾಂತ ಕನಿಕರಪಟ್ಟು ಅದನ್ನು ನಾಲ್ಕು ಅಂಕಿಗೆ ಇಳಿಸಿದ್ದ. ಇನ್ನು ಕಾಳು ಒಣಗಿದೆಯೋ ಹಸಿಯೋ ಎಂಬ ಪರೀಕ್ಷೆಗೆಂದು ಚೀಲಕ್ಕೆ ಚುಚ್ಚಿ ತೆಗೆದ ಹಿಡಿ ಕಾಳಿನ ಪೊಟ್ಟಣದ ಮೇಲೂ ನಂಬರ್ ಮಾತ್ರ. ಹೆಸರು ಬರೆದರೆ ಪರೀಕ್ಷೆ ಮಾಡುವವನು ತನ್ನ ಊರಿನವರಿಗೆ, ತನ್ನ ಬಳಗದವರಿಗೆ ಕೈ ಬಿಚ್ಚುತ್ತಾನೆಂದು ಅಮೃತಪ್ಪನೇ ಹಟ ಹಿಡಿದು ಹೆಸರು ತೆಗೆಸಿದ್ದ. ಒಂದೇ ನಂಬರಿನ ಚೀಲ ಕಂಡರೆ ಹಮಾಲರು ಒಂದೇ ಥಪ್ಪಿಗೆ, ಒಂದೇ ಒಟ್ಟಿಲಿಗೆ ಹಚ್ಚುತ್ತಾರೆ. ಆ ದಿನವೂ ಹಚ್ಚಿದ್ದರು.

ಮರುದಿನ ಸೂರ್ಯಕಾಂತ, ಸಪ್ನಾ ಇಬ್ಬರೂ ಹೋಗಿ ಆ ಕೇಂದ್ರದ ಗೋದಾಮಿನಲ್ಲಿ ನಾಲ್ಕು ದಿನ ಕೂತರು. ಇಪ್ಪತ್ತಾರು ನಂಬರುಗಳಲ್ಲಿ ಇಬ್ಬರ ಕಾಳೂ ಪರೀಕ್ಷೆಯಲ್ಲಿ ಪಾಸಾಗಿದ್ದವು, ಅಲ್ಲಿ ತಕರಾರಿಲ್ಲ. ಹದಿನೈದರಲ್ಲಿ ಒಬ್ಬರದು ಪಾಸು, ಒಬ್ಬರದು ಹಸಿ ಎಂದು ಫೇಲು. ಪಾಸಾದದ್ದಕ್ಕೆ ರೊಕ್ಕ, ಫೇಲಾದದ್ದು ವಾಪಸು. ಯಾರದು ಯಾವುದು? ಒಂಬತ್ತರಲ್ಲಿ ಚೀಲದ ಲೆಕ್ಕ ಬೇರೆ ಬೇರೆ ಇತ್ತು. ಥಪ್ಪಿ ಕೆಡವಿ ಒಂದೊಂದು ಚೀಲಕ್ಕೂ ಚುಚ್ಚಿ ನೋಡಿದಾಗ ಆರು ಒಣ, ಒಂಬತ್ತು ಹಸಿ ಎಂದು ಬಂದರೆ ಆರು ಚೀಲ ತಂದವನದು ಒಣದು ಎಂದು ಗೊತ್ತಾಗುತ್ತಿತ್ತು. ಉಳಿದ ಆರು ನಂಬರುಗಳಲ್ಲಿ ಇಬ್ಬರೂ ಸಮಸಮ ಚೀಲ ತಂದಿದ್ದರು. ತನ್ನದೇ ಹಸಿ ಎಂದು ಯಾರು ಒಪ್ಪುತ್ತಾರೆ? ಅಮೃತಪ್ಪ ಅವರನ್ನೆಲ್ಲ ಕೂಡಿಸಿ, ಬಂದ ರೊಕ್ಕ ಅರ್ಧರ್ಧ ಹಂಚಿಕೊಳ್ಳಿರಿ ಎಂದು ಕೈ ಮುಗಿದ. ಐದು ಜೋಡಿ ಅವನ ಮುಖ ನೋಡಿ ಹೂಂ ಅಂದವು. ಮೂವತ್ತು ವರ್ಷ ಅವನ ಪುಸ್ತಕದ ಮುಂದೆ ತಲೆಯೆತ್ತಿ ಮಾತಾಡದಿದ್ದ ಜನ, ಅಂದು ಅವನ ಅಂಗಳದಲ್ಲೇ ನಿಂತು, "ಅಳಿಯನ ಮೆಷಿನ್ ಅಳಿಯನಂಗ ಐತಿ, ಉಂಡು ಮಲಗತೈತಿ," ಎಂದು ಬೈದು ಹೋದರು.

ಮುನ್ನೂರ ಎಂಬತ್ತೆರಡನೆಯ ನಂಬರ್ ಉಳಿಯಿತು. ಬೆಳಿಗ್ಗೆ ಅದು ಗದಿಗೆಮ್ಮ ಎಂಬ ಹೆಂಗಸಿಗೆ ಹೋಗಿತ್ತು, ಮಧ್ಯಾಹ್ನ ಗುರುರಾಜ ಎಂಬವನಿಗೆ. ಇಬ್ಬರದೂ ಐದೈದು ಚೀಲ. ಗುರುರಾಜ ಅರ್ಧಕ್ಕೆ ಕೂಡಲೇ ಸಹಿ ಹಾಕಿದ. ಗದಿಗೆಮ್ಮ ಹಾಕಲಿಲ್ಲ. ಇಬ್ಬರ ಸಹಿಯೂ ಇಲ್ಲದೆ ರೊಕ್ಕ ಬಿಡುಗಡೆಯಾಗುವ ಹಾಗಿರಲಿಲ್ಲ, ತಿಂಗಳ ಕೊನೆಯ ದಿನದ ನಂತರ ಈ ವರ್ಷದ ಖರೀದಿಯೇ ಮುಚ್ಚುತ್ತಿತ್ತು.

ಆ ಕೊನೆಯ ದಿನ ಅಮೃತಪ್ಪ ಗದಿಗೆಮ್ಮನನ್ನು ಕರೆದುಕೊಂಡು ಉಪ್ಪಲ್‌ಗೆ ಬಂದ. ಅರವತ್ತು ದಾಟಿದ ಹೆಂಗಸು, ಇಳಕಲ್ ಸೀರೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಪರದೆ ನೋಡುತ್ತ ನಿಂತಳು. ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಮಿಟುಕುತ್ತಿದ್ದವು, ಸುಗ್ಗಿ ಇಳಿದಿತ್ತು.

"ನನ್ನ ತೊಗರಿ ಎಲ್ಲೈತಿ ಇದರಾಗ?" ಎಂದು ಕೇಳಿದಳು.

ಸಪ್ನಾ ಕುರ್ಚಿ ಹಾಕಿ ಕೂಡಿಸಿ, ಅವಳ ದಾಖಲೆ ತೆಗೆದು ತೋರಿಸಿದಳು. "ನೋಡ್ರಿ ಆಯಿ, ಇದು ನಿಮ್ಮ ಹೆಸರು. ಐದು ಚೀಲ. ಹನ್ನೊಂದು ಎರಡಕ್ಕ ತೂಗ್ಯಾರ. ಇದು ಮುಂಬೈದಾಗ ಬರದದ್ದು."

"ಐತಲ್ಲ ಮತ್ತ!"

"ಐತ್ರಿ. ಆದ್ರ ಗುರುರಾಜಂದೂ ಐತಿ. ಅದು ಹೈದರಾಬಾದಿನ್ಯಾಗ ಬರದದ್ದು. ಎರಡೂ ಖರೆನ."

ಗದಿಗೆಮ್ಮ ಸೂರ್ಯಕಾಂತನ ಕಡೆ ತಿರುಗಿದಳು. "ನೀನೇನಪಾ ಅಮೃತಪ್ಪನ ಅಳಿಯ?"

"ಹೌದ್ರಿ."

"ಅರ್ಧಾ ತಗೋ ಅಂತೀರಿ. ನಂದು ಹಸಿ ಆಗಿದ್ರ ಅರ್ಧಾ ಯಾಕ ಕೊಡ್ತೀರಿ? ಒಣಾ ಆಗಿದ್ರ ಅರ್ಧಾ ಯಾಕ ಇಟ್ಕೋತೀರಿ? ಎಂಟು ದಿನ ಮಾಳಿಗಿ ಮ್ಯಾಲೆ ಬಿಸಲಿಗೆ ಹಾಕಿ, ಕಾಳು ಹಲ್ಲಿಗೆ ಕಡದು ನೋಡಿ ಚೀಲ ಕಟ್ಟೀನಿ ನಾನು. ಸಹಿ ಹಾಕಿದ್ರ ಊರಾಗ ಏನಂತಾರ? ಗದಿಗಿ ಹಸಿ ತೊಗರಿ ಮಾರಿ ಅರ್ಧಾ ರೊಕ್ಕ ತಂದ್ಲು ಅಂತಾರ."

ಸೂರ್ಯಕಾಂತನಿಗೆ ಅವಳ ಮಾತು ನಂಬಬೇಕೆನಿಸಿತು. ನಂಬಿದ. ಆದರೆ ಗುರುರಾಜನೂ ಬಸವಣ್ಣನ ಆಣೆ ಮಾಡಿ ಹೇಳಿದ್ದ, ಮತ್ತು ಅವನು ಬೇಗ ಸಹಿ ಹಾಕಿದ್ದು ಮಗಳ ಮದುವೆಯ ಅವಸರಕ್ಕೂ ಇರಬಹುದು. ಎರಡು ಕಡೆ ಬರೆದ ಎರಡು ಖರೆ ಮಾತುಗಳಲ್ಲಿ ಒಂದನ್ನು ಆರಿಸಲು ಅವನ ಬಳಿ ಯಾವ ತಕ್ಕಡಿಯೂ ಇರಲಿಲ್ಲ.

ಸುಬ್ಬರಾಯರು ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಳಗೆ ಅವರ ಮೇಜಿನ ಮೇಲೆ ಸಂಘದ ಕಾಗದವಿತ್ತು: ಬರುವ ಸುಗ್ಗಿಗೆ ಒಡಂಬಡಿಕೆ ಮುಂದುವರಿಸುವುದಿಲ್ಲ. ಕೆಳಗೆ ಅಮೃತಪ್ಪನದೇ ಸಹಿ. ಸೂರ್ಯಕಾಂತ ಹತ್ತಿರ ಹೋದಾಗ ಅವರು ತಗ್ಗಿದ ದನಿಯಲ್ಲಿ ಕೇಳಿದರು, "ಅವತ್ತು ನಾನು ಹೇಳಿದಂತೆ ಎಲ್ಲಾ ಕಡೆ ಬರೆಯೋ ಹಾಗೆ ಮಾಡಿದ್ದರೆ ಹೀಗಾಗ್ತಿತ್ತಾ?"

"ಮೂರು ಕಡೆ ಕೇಳಿ ಬರದಿದ್ರ ಆಗ್ತಿರಲಿಲ್ರಿ ಸರ. ಆದ್ರ ಆ ಬಾಡಿಗಿ ಕೊಟ್ಟು ನಾವು ಹೋದ ವರ್ಷನ ಬಾಗಲಾ ಹಾಕ್ತಿದ್ವಿ. ಇದ್ದ ಸ್ಟ್ಯಾಂಡ್‌ಬೈನ ಕಾಗದದಾಗ ಇದ್ದಂಗ ಇಟ್ಟಿದ್ರೂ ಆಗ್ತಿರಲಿಲ್ಲ. ನಾ ಅದನ್ನ ಆರಗೊಟ್ಟೆ."

"ನಾನು ಆರಿಸಿದೆ ಅನ್ನು," ಅಂದರು ಸುಬ್ಬರಾಯರು. ಮೇಜಿನ ಮೇಲಿನ ಆ ಕಾಗದದ ಕಡೆ ನೋಡಿ, "ಸಪ್ನಾಗೆ ಈ ತಿಂಗಳು ಕಡೆ. ನೀನೇ ಹೇಳ್ತೀಯಾ, ನಾನು ಹೇಳಲಾ?" ಅಂದರು.

ಸೂರ್ಯಕಾಂತ ತಿರುಗಿ ನೋಡಿದ. ಸಪ್ನಾ ಗದಿಗೆಮ್ಮನಿಗೆ ಚಹಾ ತಂದು ಕೊಡುತ್ತಿದ್ದಳು. ಬಶಿಗೆ ಸುರಿದು ಆರಿಸಿ ಕೊಡುತ್ತ ಏನೋ ಹೇಳಿ ನಗಿಸಲು ನೋಡುತ್ತಿದ್ದಳು. "ನಾ ಹೇಳ್ತೀನ್ರಿ," ಅಂದ.

ಅವನು ಮೇಜಿಗೆ ಬಂದು ಒಂದು ಲಕೋಟೆ ತೆಗೆದ. ಬೆಳಿಗ್ಗೆ ಬ್ಯಾಂಕಿನಿಂದ ತಂದದ್ದು. ಐದು ಚೀಲದ ಪೂರ್ತಿ ರೊಕ್ಕ. "ಮಾವ, ಇದು ಆಯಿಗೆ ಕೊಡ್ರಿ. ಖರೀದಿ ರೊಕ್ಕಾ ಗುರುರಾಜ ಅರ್ಧಾದ ಬದಲಿ ಪೂರಾ ತಗೊಳ್ಳಲಿ. ಇಬ್ಬರಿಗೂ ಪೂರಾ ಆಗತೈತಿ."

ಅಮೃತಪ್ಪ ಲಕೋಟೆ ಮುಟ್ಟಲಿಲ್ಲ. ಬಂದಾಗಿನಿಂದ ಅವನು ಅಳಿಯನ ಮುಖ ನೋಡಿ ಮಾತಾಡಿರಲಿಲ್ಲ. ಈಗ ನೋಡಿದ.

"ಯಾರ ರೊಕ್ಕ?"

"ನಂದ."

"ನೀ ತೊಗರಿ ಕೊಂಡಿಯೇನು?"

"ಇಲ್ಲ."

"ಮತ್ತ?" ಅಮೃತಪ್ಪನ ದನಿ ಏರಲಿಲ್ಲ. "ರೊಕ್ಕಾ ಕೊಟ್ಟು ಮುಗಿಸೋದಿದ್ರ ನಾನ ಕೊಡ್ತಿದ್ದೆ, ಸೂರ್ಯಾ. ನನ್ನ ಹತ್ರ ಇಲ್ಲೇನು ಅಷ್ಟು? ಯಾರದೂ ಕಳೆಯಂಗಿಲ್ಲ ಅಂದಿದ್ದಿ. ನಾ ಅದನ್ನ ಹನ್ನೆರಡು ಊರಾಗ ಹೇಳೀನಿ. ಆ ಮಾತಿಗೆ ಎಷ್ಟು ಆಗತೈತಿ, ಲೆಕ್ಕಾ ಮಾಡಿ ಲಕೋಟಿಯೊಳಗ ಹಾಕು ನೋಡೂಣು."

ಗದಿಗೆಮ್ಮ ಬಶಿ ಕೆಳಗಿಟ್ಟು ಎದ್ದಳು. "ದಾನಾ ತಗೊಳ್ಳಾಕ ಬಂದಿಲ್ಲಪಾ ನಾನು. ನನ್ನ ತೊಗರಿ ಒಣಾ ಇತ್ತು ಅಂತ ಬರದು ಕೊಡು. ರೊಕ್ಕಾ ಆಮ್ಯಾಲೆ ನೋಡೂಣು."

"ಹೆಂಗ ಬರೀಲಿ ಆಯಿ? ನನಗ ಗೊತ್ತಿಲ್ಲಲ್ಲ."

"ಸುಳ್ಳ ಬರದ್ರೂ ನಡೀತಿತ್ತು ಅಂತ ಬಂದಿದ್ದೆ," ಅಂದಳು ಅವಳು. ಸಿಟ್ಟಿರಲಿಲ್ಲ; ಬಹಳ ದಣಿದಂತಿತ್ತು. "ನೀ ಸುಳ್ಳೂ ಬರಿಯಂಗಿಲ್ಲ. ನಡೀ ಅಮೃತಪ್ಪಾ, ಬಸ್ಸು ಐತಿ."

ಅವರು ಮೆಟ್ಟಿಲಿಳಿದು ಹೋದರು. ಅಮೃತಪ್ಪ ಹೋಗುವಾಗ ಬರ್ತೀನಿ ಎನ್ನಲಿಲ್ಲ. ಲಕೋಟೆ ಮೇಜಿನ ಮೇಲೆ ಹಾಗೇ ಇತ್ತು.

ಸಂಜೆ ಐದಕ್ಕೆ ಖರೀದಿ ಮುಚ್ಚುವ ಕೆಲಸ. ನೂರ ನಲವತ್ತು ಕೇಂದ್ರಗಳ ಲೆಕ್ಕವನ್ನು ಸಪ್ನಾ ಒಂದೊಂದಾಗಿ ಓದಿದಳು, ಸೂರ್ಯಕಾಂತ ಒಂದೊಂದಾಗಿ ಮುಚ್ಚಿದ. ಎಲ್ಲ ಸರಿಹೋದವು. ಐದು ತಕ್ಕಡಿಯ ಕೇಂದ್ರ ಬಂದಾಗ ಪರದೆ ಕೇಳಿತು: ಮುನ್ನೂರ ಎಂಬತ್ತೆರಡು, ಎರಡು ದಾಖಲೆ, ಎರಡಕ್ಕೂ ಪಾವತಿ ಆಗಿಲ್ಲ, ಹಾಗೇ ಮುಚ್ಚಬೇಕೆ?

"ಏನ ಹಾಕಲ್ರಿ ಸರ?" ಎಂದು ಸಪ್ನಾ ಕೇಳಿದಳು. ಅವಳಿಗೆ ಅವನು ಇನ್ನೂ ಏನೂ ಹೇಳಿರಲಿಲ್ಲ.

"ಬಾಕಿ ಅಂತ ಹಾಕು," ಅಂದ.